ಇಲ್ಲದ ಗೆರೆಯನ್ನು ಅಳೆದು ಕೂಡಿಸಿದ ಸೆಲ್‌ಗಳನ್ನು ಮರಳಿ ಕಟ್ಟಿದ ಬಗೆ

ದಾಸ್ತಾನು ಪುಸ್ತಕವೊಂದರ ಸುಮಾರು ಆರುನೂರು ಪುಟಗಳನ್ನು ಯಾರೋ ಫೋನಿನಲ್ಲಿ ಓರೆಯಾಗಿ ಹಿಡಿದು ತೆಗೆದಿದ್ದರು. ಅವನ್ನು ಸ್ಪ್ರೆಡ್‌ಶೀಟಿಗೆ ತರುವ ಕೆಲಸ ನನ್ನ ಪಾಲಿಗೆ ಬಂದಾಗ, ಕೈಯಿಂದ ಟೈಪ್ ಮಾಡಿಸುವುದೇ ಅಗ್ಗ ಎಂದು ಜೊತೆಗಾರರೆಲ್ಲ ಹೇಳಿದರು. ಪುಟಕ್ಕಿಷ್ಟು ಎಂದು ದರ ಕಟ್ಟುವ ಒಂದು ಸೇವೆಗೆ ಒಪ್ಪಂದದ ಹಣದ ಕಾಲು ಭಾಗವನ್ನು ಸುರಿದ ಮೇಲೂ ತಲೆಸಾಲಿನಲ್ಲಿ ಎರಡು ಕಾಲಂಗಳಿಗೆ ಹಬ್ಬಿದ್ದ ‘ಪ್ರಮಾಣ’ ಎಂಬ ಪದ ಒಂದೇ ಕಾಲಂಗೆ ಅಂಟಿಕೊಂಡು ಬಂದಿತ್ತು, ಖಾಲಿ ಸೆಲ್‌ಗಳು ಮಾಯವಾಗಿದ್ದವು. ಆಗ ನಾನೇ ಮಾಡುವುದೆಂದು ನಿಶ್ಚಯಿಸಿದೆ.

ಮೊದಲ ಎರಡು ವಾರ ವ್ಯರ್ಥವಾದದ್ದು ಓರೆಯನ್ನು ಕೇವಲ ತಿರುಗಿಸಿ ಸರಿಪಡಿಸಲು ಹೋದದ್ದರಿಂದ. ತಿರುಗಿಸಿದರೆ ಅಡ್ಡಗೆರೆಗಳು ಬಹುಮಟ್ಟಿಗೆ ನೇರವಾಗುತ್ತವೆಯೇ ಹೊರತು, ಕ್ಯಾಮೆರಾದಿಂದ ದೂರವಿದ್ದ ಅಂಚಿನತ್ತ ಕಾಲಂಗಳು ಕಿರಿದಾಗುತ್ತಲೇ ಹೋಗುತ್ತವೆ. ಉಳಿದ ಎರಡು ಡಿಗ್ರಿ ಓರೆಯೂ ಸಣ್ಣದಲ್ಲ: ಗೆರೆ ಹೆಕ್ಕಲು ಒಂದು ಪಿಕ್ಸೆಲ್ ದಪ್ಪದ, 80 ಪಿಕ್ಸೆಲ್ ಉದ್ದದ ಕರ್ನೆಲ್ ಎಂಬ ಅಳತೆಪಟ್ಟಿಯನ್ನು ಚಿತ್ರದ ಮೇಲೆ ಸರಿಸಿದರೆ ಅಷ್ಟು ಉದ್ದದಲ್ಲಿ ಗೆರೆ ಹತ್ತಿರಹತ್ತಿರ ಮೂರು ಪಿಕ್ಸೆಲ್ ಜಾರಿರುತ್ತದೆ, ತೆಳುಗೆರೆ ಪೂರ್ತಿ ಅಳಿಸಿಹೋಗುತ್ತದೆ. ಅಳಿದ ಆ ಗೆರೆಗಳನ್ನೆಲ್ಲ ನನ್ನ ಪ್ರೋಗ್ರಾಂ ಕೂಡಿಸಿದ ಸೆಲ್ ಎಂದೇ ಓದುತ್ತಿತ್ತು. ಆದ್ದರಿಂದ ಕಾಗದದ ಮೂಲೆಗಳನ್ನು ಬಿಟ್ಟು ಕೋಷ್ಟಕದ ಹೊರಚೌಕಟ್ಟಿನ ನಾಲ್ಕು ಮೂಲೆಗಳನ್ನೇ ಹಿಡಿದು ಚಿತ್ರವನ್ನು ಚಪ್ಪಟೆ ಮಾಡಿದೆ. ಪುಟದ ಅಂಚು ಮಡಚಿದ್ದರೂ ಚೌಕಟ್ಟು ಬಹುಮಟ್ಟಿಗೆ ಸಮತಲದಲ್ಲಿರುತ್ತದೆ.

```
M = cv2.getPerspectiveTransform(src, dst)
flat = cv2.warpPerspective(img, M, (w, h))
```

ಇಲ್ಲಿಂದ ಮುಂದೆ ನಾನು ಗೆರೆ ಹುಡುಕುವುದನ್ನು ಬಿಟ್ಟು, ಗೆರೆ ಇರಬೇಕಾದ ಜಾಗವನ್ನು ಅಳೆಯತೊಡಗಿದೆ. ಕೋಷ್ಟಕದ ಒಡಲಿನಲ್ಲಿ ಕಾಲಂ ಗೆರೆಗಳು ತುಂಡಾಗದೆ ಇಳಿಯುವುದರಿಂದ ಅವುಗಳ ಸ್ಥಾನವನ್ನು ಅಲ್ಲಿಂದ ತೆಗೆದುಕೊಂಡು ತಲೆಸಾಲಿನವರೆಗೂ ಎಳೆದೆ. ಆಮೇಲೆ ಅಕ್ಕಪಕ್ಕದ ಪ್ರತಿ ಎರಡು ಸೆಲ್‌ಗಳ ನಡುವಿನ ತುಂಡಿನುದ್ದಕ್ಕೂ, ಆಚೀಚೆ ಐದಾರು ಪಿಕ್ಸೆಲ್ ಒಳಗೆ ಶಾಯಿ ಸಿಗುವ ಬಿಂದುಗಳು ಎಷ್ಟು ಪಾಲು ಎಂದು ಲೆಕ್ಕ ಹಾಕಿದೆ. ನಿಜವಾದ ಗೆರೆಗೆ 0.9ರ ಆಸುಪಾಸು ಬರುತ್ತಿತ್ತು, ಗೆರೆಯೇ ಇಲ್ಲದ ಕಡೆ 0.05ಕ್ಕಿಂತ ಕಡಿಮೆ.

ಆದರೆ ‘ಪ್ರಮಾಣ’ ಇಲ್ಲೂ ಕೈಕೊಟ್ಟಿತು. ಅದರ ಕೆಳಗೆ ‘ಬಂದದ್ದು’, ‘ಹೋದದ್ದು’ ಎಂಬ ಎರಡು ಕಾಲಂಗಳಿವೆ. ಪದವನ್ನು ಎರಡರ ನಡುಮಧ್ಯೆ ಅಚ್ಚು ಮಾಡಿರುವುದರಿಂದ, ಇಲ್ಲದ ಗೆರೆಯ ಜಾಗದ ಮೇಲೆ ‘ಮಾ’ ಅಕ್ಷರ ಸರಿಯಾಗಿ ಕೂತು 0.4 ತೋರಿಸುತ್ತಿತ್ತು. ಮಸುಕಾದ ನಿಜವಾದ ಗೆರೆಗೂ ಅಷ್ಟೇ ಬರುತ್ತಿದ್ದುದರಿಂದ ಮಿತಿಯನ್ನು ಎಲ್ಲಿಟ್ಟರೂ ಒಂದು ಕಡೆ ತಪ್ಪುತ್ತಿತ್ತು. ಮೂರು ದಿನ ಅದೇ ಚಿತ್ರವನ್ನು ಹಿಗ್ಗಿಸಿ ನೋಡಿದ ಮೇಲೆ ಹೊಳೆದದ್ದಿಷ್ಟು: ಅಕ್ಷರದ ಶಾಯಿ ತುಂಡಿನ ನಡುವೆ ಮಾತ್ರ ಇರುತ್ತದೆ, ಗೆರೆಯ ಶಾಯಿ ಎಷ್ಟೇ ಮಸುಕಾದರೂ ಎರಡು ತುದಿಗಳಲ್ಲೂ ಇರುತ್ತದೆ. 60 ಪಿಕ್ಸೆಲ್ ಎತ್ತರದ ತುಂಡಿನಲ್ಲಿ ಮೇಲಿನ ಹದಿನೈದು, ಕೆಳಗಿನ ಹದಿನೈದು ಪಿಕ್ಸೆಲ್‌ಗಳನ್ನಷ್ಟೇ ಅಳೆದಾಗ ‘ಪ್ರಮಾಣ’ದ ಅಂಕ ಸೊನ್ನೆಯ ಹತ್ತಿರಕ್ಕೆ ಬಿದ್ದಿತು, ಮಸುಕುಗೆರೆ 0.4ರಲ್ಲೇ ನಿಂತಿತು. ಸಂಧಿಯಲ್ಲಿ ಅಡ್ಡಗೆರೆಯ ಶಾಯಿ ಸೇರದಂತೆ ಎಷ್ಟು ಬಿಡಬೇಕು ಎಂಬುದನ್ನು ಪುಟಪುಟಕ್ಕೂ ನಿರ್ಧರಿಸುವ ಲೆಕ್ಕವೊಂದಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಉಳಿಸಿಕೊಂಡಿದ್ದೇನೆ.

ಗೆರೆ ಇಲ್ಲದ ಸೆಲ್‌ಗಳನ್ನು ಒಂದಾಗಿಸುವಾಗ ಬಂದ ಗುಂಪು ಆಯತವಾಗಿಯೇ ಇರಬೇಕು. ಮೂರು ಸಾಲಿಗೆ ಹಬ್ಬಿದ ‘ವಿವರ’ದ ಪಕ್ಕದಲ್ಲಿ ಒಂದು ಗೆರೆ ಸವೆದಿದ್ದರಿಂದ ಮೊಣಕೈ ಆಕಾರದ ಗುಂಪು ಸಿಕ್ಕಿತು. ಅದನ್ನು ಹೊರಗಿನ ಆಯತದವರೆಗೆ ಹಿಗ್ಗಿಸಿದ್ದು ನನ್ನ ದೊಡ್ಡ ತಪ್ಪು, ಏಕೆಂದರೆ ಮೂರು ಸಾಲುಗಳ ಅಂಕಿಗಳು ‘120 45 60’ ಎಂದು ಒಂದೇ ಸೆಲ್‌ಗೆ ಬಂದು ಬಿದ್ದವು. ಈಗ ಹಾಗಾದರೆ ಗುಂಪಿನೊಳಗಿನ ತುಂಡುಗಳಲ್ಲಿ ಅತಿ ಹೆಚ್ಚು ಅಂಕವಿರುವುದನ್ನು ಗೆರೆಯೆಂದು ಒಪ್ಪಿ ಮತ್ತೆ ಗುಂಪು ಮಾಡುತ್ತೇನೆ.

ಈ ನಡುವೆ ಚಿತ್ರದಲ್ಲಿನ ಅಕ್ಷರಗಳನ್ನು ಓದುವ ಓಸಿಆರ್ ಅನ್ನು ಮೂಲ ಫೋಟೊ ಮೇಲೆಯೇ ನಡೆಸಿ, ಪದಗಳ ಮೂಲೆಗಳನ್ನು ಮಾತ್ರ ಚಪ್ಪಟೆ ಮಾಡಲು ಬಳಸಿದ ಅದೇ `M` ಮೂಲಕ ಸ್ಥಳಾಂತರಿಸಿಯೂ ನೋಡಿದೆ. ಓರೆ ಕಡಿಮೆಯಿದ್ದ ಪುಟಗಳಲ್ಲಿ ದೂರದ ಅಂಚಿನ ಸಣ್ಣ ಅಂಕಿಗಳು ಹೀಗೆ ಹೆಚ್ಚು ಸ್ಪಷ್ಟವಾಗಿ ಓದಿಬಂದವು, ಓರೆ ಹೆಚ್ಚಾದಲ್ಲಿ ಸಾಲುಗಳೇ ಬೆರೆತುಹೋದವು. ಹಾಗಾಗಿ ಚಪ್ಪಟೆ ಚಿತ್ರಕ್ಕೇ ಮರಳಿದೆ.

ಪದಗಳನ್ನು ಕಾಲಂಗೆ ಸೇರಿಸುವಾಗ ಅಂಕಿಗಳಿಗೆ ಬಲ ಅಂಚನ್ನು, ಬರಹಕ್ಕೆ ಎಡ ಅಂಚನ್ನು ನೋಡುತ್ತೇನೆ. ‘ಬಂದದ್ದು’ ಖಾಲಿಯಿದ್ದ ಸಾಲಿನಲ್ಲಿ ‘ಹೋದದ್ದು’ ಎಡಕ್ಕೆ ಜಾರಿದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಹಿಂದಿನ ಉಳಿಕೆಗೆ ಬಂದದ್ದನ್ನು ಕೂಡಿಸಿ ಹೋದದ್ದನ್ನು ಕಳೆದಾಗ ಇಂದಿನ ಉಳಿಕೆ ಬರುವುದಿಲ್ಲ. ಉಳಿಕೆ 300 ಇದ್ದು 45 ಹೋದರೆ 255 ಇರಬೇಕು. ಜಾರಿದ ಸಾಲು 345 ಕೊಟ್ಟು ಸಿಕ್ಕಿಬೀಳುತ್ತದೆ. ಆರುನೂರು ಪುಟಗಳಲ್ಲಿ ಕೈಯಿಂದ ತಿದ್ದಬೇಕಾದವು ಸುಮಾರು ನಲವತ್ತು ಮಾತ್ರ, ಅವುಗಳಲ್ಲಿ ಹೆಚ್ಚಿನವು ಪುಸ್ತಕದ ಹೊಲಿಗೆಯ ಬಳಿ ಕಾಗದ ಬಾಗಿದ್ದವು. ಅಲ್ಲಿ ನಾಲ್ಕು ಮೂಲೆಗಳ ಈ ವಿಧಾನ ಸಾಲದು, ಪುಟವನ್ನು ಪಟ್ಟಿಗಳಾಗಿ ಸೀಳಿ ಒಂದೊಂದನ್ನೂ ಬೇರೆಬೇರೆಯಾಗಿ ಚಪ್ಪಟೆ ಮಾಡಬೇಕಾಗುತ್ತದೆ.