ಕ್ಯಾಶ್ ಬುಕ್ಕೂ ಬ್ಯಾಂಕ್ ಸ್ಟೇಟ್‌ಮೆಂಟೂ: ನನ್ನ ತಾಳೆ ಕೂತಿದ್ದು ಹೇಗೆ

ನನ್ನ ಅಂಗಡಿಯ ಕ್ಯಾಶ್ ಬುಕ್‌ನ ಬ್ಯಾಂಕ್ ಕಾಲಂ ಈಗ ಕರೆಂಟ್ ಅಕೌಂಟ್ ಸ್ಟೇಟ್‌ಮೆಂಟ್ ಜೊತೆ ಪ್ರತಿ ತಿಂಗಳೂ ಪೈಸೆಗೆ ಪೈಸೆ ತಾಳೆಯಾಗುತ್ತಿದೆ. ಹೆಚ್ಚು ಕಡಿಮೆ ಒಂದು ವರ್ಷದಿಂದ ಹೀಗೇ ನಡೆದಿದೆ. ಶುರು ಮಾಡಿದಾಗ ಅಣ್ಣ, "ನೀನು ಅಂಗಡಿ ನಡೆಸ್ತೀಯೋ, ಬ್ಯಾಂಕ್ ನಡೆಸ್ತೀಯೋ?" ಅಂತ ನಕ್ಕಿದ್ದ. ಲೆಕ್ಕ ನೋಡುವವರು, "ಸಣ್ಣ ಅಂಗಡಿಗೆ ಇಷ್ಟೆಲ್ಲ ಯಾಕೆ ಸಾರ್, ವ್ಯತ್ಯಾಸ ಉಳಿದರೆ ಸಸ್ಪೆನ್ಸ್‌ಗೆ ಹಾಕಿಬಿಡೋಣ" ಅಂದಿದ್ದರು. ಈಗ ತಾಳೆ ಹಾಕಲು ನಾನು ಮಾಡಿಕೊಂಡ ಎಕ್ಸೆಲ್ ಶೀಟನ್ನೇ ಅವರು ಇನ್ನೆರಡು ಅಂಗಡಿಗಳಿಗೆ ಬಳಸುತ್ತಿದ್ದಾರೆ. ಹೇಳಿಕೊಳ್ಳಬೇಕಾದ್ದನ್ನು ಹೇಳಿಕೊಳ್ಳಲೇಬೇಕು, ಅಲ್ವಾ!

ಟಿಕ್ ಹಾಕುವುದು, ಚೆಕ್ ಕ್ಲಿಯರ್ ಆಗುವುದು, ನಮ್ಮ ಜಮಾ ಬ್ಯಾಂಕಿನ ಕಡೆ ತಿರುಗಾಮುರುಗಾ ಕಾಣುವುದು, ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳೇ. ನೇರ ವಿಷಯಕ್ಕೆ ಬರುತ್ತೇನೆ.

ಮೊದಲು ನಾನೂ ಎಲ್ಲರ ಹಾಗೆ ವ್ಯತ್ಯಾಸದ ಬೆನ್ನು ಹತ್ತುತ್ತಿದ್ದೆ. ಪುಸ್ತಕದ ಬಾಕಿ ಇಷ್ಟು, ಬ್ಯಾಂಕಿನ ಬಾಕಿ ಇಷ್ಟು, ನಡುವೆ 4,885 ವ್ಯತ್ಯಾಸ. ಆಮೇಲೆ ಆ 4,885ನ್ನು ಎರಡೂ ಕಡೆ ಹುಡುಕುವುದು. ಸಿಗುವುದೇ ಇಲ್ಲ. ಯಾಕೆಂದರೆ ಅಂಥದ್ದೊಂದು ಎಂಟ್ರಿ ಎಲ್ಲೂ ಇರುವುದಿಲ್ಲ. ಐದಾರು ಎಂಟ್ರಿಗಳು ಒಂದನ್ನೊಂದು ತಿಂದು ಉಳಿದ ಮೊತ್ತ ಅದು. ಇನ್ನೂ ಕೆಟ್ಟದ್ದೆಂದರೆ, ವ್ಯತ್ಯಾಸ ಸಣ್ಣದಿದ್ದರೆ ಸಮಾಧಾನ ಆಗಿಬಿಡುತ್ತದೆ. ಒಂದು ತಿಂಗಳು ಬರೀ ನಲವತ್ತೋ ಐವತ್ತೋ ವ್ಯತ್ಯಾಸ ಇತ್ತು, "ಹೋಗಲಿ ಬಿಡಿ" ಅಂತ ಮುಚ್ಚಿದೆವು. ಅದರೊಳಗೆ ಎರಡು ದೊಡ್ಡ ಎಂಟ್ರಿಗಳು ಎದುರುಬದುರಾಗಿ ಕೂತಿದ್ದವು ಅಂತ ತಿಳಿದದ್ದು ಎಷ್ಟೋ ಕಾಲದ ಮೇಲೆ.

ತಲೆನೋವಿನ ಮುಖ್ಯ ಕಾರಣ ಕಾರ್ಡ್ ಮೆಷಿನ್. ಬಿಲ್ ಆದ ತಕ್ಷಣ ಪುಸ್ತಕದಲ್ಲಿ ಬ್ಯಾಂಕ್ ಜಮಾ ಅಂತ ಬರೆಯುತ್ತಿದ್ದೆವು. ಬ್ಯಾಂಕಿನಲ್ಲಾದರೆ ಇಡೀ ದಿನದ ಬ್ಯಾಚ್ ಒಂದೇ ಮೊತ್ತವಾಗಿ ಬರುತ್ತದೆ, ಅದೂ ಮೆಷಿನ್‌ನವರು ತಮ್ಮ ಚಾರ್ಜ್ ಹಿಡಿದುಕೊಂಡ ಮೇಲೆ. ರಜೆ ಬಂದರೆ ಎರಡು ಮೂರು ದಿನದ್ದು ಒಟ್ಟಿಗೆ. ಪುಸ್ತಕದಲ್ಲಿ ಇಪ್ಪತ್ತು ಸಾಲು, ಸ್ಟೇಟ್‌ಮೆಂಟಿನಲ್ಲಿ ಒಂದು ಸಾಲು. ಯಾವುದಕ್ಕೆ ಯಾವುದನ್ನು ಟಿಕ್ ಹಾಕೋದು?

ಇಲ್ಲೊಂದು ಪ್ರಯೋಗ ಮಾಡಿದ್ದೆ, ಹೇಳದೆ ಹೋದರೆ ಸರಿಯಲ್ಲ. ಬ್ಯಾಂಕಿಗೆ ಬಂದ ಮೊತ್ತಕ್ಕೆ ಯಾವ ಯಾವ ಬಿಲ್‌ಗಳನ್ನು ಕೂಡಿದರೆ ಸರಿಹೋಗುತ್ತದೆ ಅಂತ ಎಕ್ಸೆಲ್‌ನ ಸಾಲ್ವರ್‌ಗೇ ಕೇಳಿದೆ. ಕ್ಷಣದಲ್ಲಿ ಉತ್ತರ ಕೊಟ್ಟಿತು. ಖುಷಿಯಾಯಿತು. ಆಮೇಲೆ ನೋಡಿದರೆ ಸೋಮವಾರದ ಜಮಾಕ್ಕೆ ಗುರುವಾರದ ಬಿಲ್ ಸೇರಿಸಿ ಲೆಕ್ಕ ಸರಿಮಾಡಿದೆ! ಇಪ್ಪತ್ತು ಬಿಲ್‌ಗಳಿದ್ದರೆ ಕೂಡುವ ದಾರಿಗಳು ಹತ್ತು ಲಕ್ಷಕ್ಕೂ ಮೇಲೆ. ನಮ್ಮ ಬಿಲ್‌ಗಳೆಲ್ಲ ದುಂಡು ಮೊತ್ತದವು, ಹಾಗಾಗಿ ಒಂದೇ ಮೊತ್ತ ಎಷ್ಟೋ ದಾರಿಯಲ್ಲಿ ಬರುತ್ತದೆ. ಅದರಲ್ಲಿ ನಿಜವಾದದ್ದು ಯಾವುದು ಅಂತ ಸಾಲ್ವರ್‌ಗೆ ಹೇಗೆ ಗೊತ್ತಾಗಬೇಕು? ಎರಡು ವಾರದ ಸಂಜೆಗಳು ಅದಕ್ಕೇ ಹೋದವು.

ಆಮೇಲೆ ಮಾಡಿದ್ದು ಬಹಳ ಸರಳ. ಕ್ಯಾಶ್ ಬುಕ್‌ನಲ್ಲಿ ಕ್ಯಾಶ್, ಬ್ಯಾಂಕ್ ಪಕ್ಕದಲ್ಲಿ "ಮೆಷಿನ್" ಅಂತ ಮೂರನೇ ಕಾಲಂ ಹಾಕಿದೆ. ಕಾರ್ಡ್ ಮಾರಾಟ ಬ್ಯಾಂಕ್ ಕಾಲಂಗೆ ಹೋಗುವ ಹಾಗೇ ಇಲ್ಲ. ರಾತ್ರಿ ಬ್ಯಾಚ್ ಮುಚ್ಚಿದಾಗ ಬರುವ ಚೀಟಿಯ ಒಟ್ಟು ಮೊತ್ತ ಮೆಷಿನ್ ಕಾಲಂಗೆ ಒಂದೇ ಸಾಲು. ಬ್ಯಾಂಕಿಗೆ ದುಡ್ಡು ಬಂದ ದಿನ ಮೆಷಿನ್ ಕಾಲಂನಿಂದ ಪೂರ್ತಿ ಮೊತ್ತ ತೆಗೆದು, ಬಂದಷ್ಟನ್ನು ಬ್ಯಾಂಕಿಗೆ, ಉಳಿದದ್ದನ್ನು ಚಾರ್ಜ್ ಖರ್ಚಿಗೆ ಬರೆಯುತ್ತೇನೆ. ಹೀಗೆ ಮಾಡಿದರೆ ಬ್ಯಾಂಕ್ ಕಾಲಂನ ಸಾಲುಗಳೂ ಸ್ಟೇಟ್‌ಮೆಂಟಿನ ಸಾಲುಗಳೂ ಒಂದಕ್ಕೊಂದು ಎದುರು ನಿಲ್ಲುತ್ತವೆ.

ಈ ಮೂರನೇ ಕಾಲಂ ಡಬಲ್ ಕೆಲಸ ಅಂತ ಎಲ್ಲರೂ ಅಂದರು. ಹಾಕಿದ ಮುಂದಿನ ತಿಂಗಳೇ ಅದು ತನ್ನ ಖರ್ಚು ತಾನೇ ತೆಗೆಯಿತು. ಆ ಕಾಲಂನಲ್ಲಿ ಯಾವಾಗ ನೋಡಿದರೂ ಕೊನೆಯ ಒಂದೆರಡು ದಿನದ ಮಾರಾಟ ಮಾತ್ರ ಬಾಕಿ ಇರಬೇಕು. ಆದರೆ ಸುಮಾರು ಹನ್ನೊಂದು ಸಾವಿರ ಹಾಗೇ ನಿಂತಿತ್ತು, ಇಳಿಯುತ್ತಲೇ ಇಲ್ಲ. ಹುಡುಕಿದರೆ ಒಂದು ರಾತ್ರಿ ಸಿಗ್ನಲ್ ಇಲ್ಲದೆ ಬ್ಯಾಚ್ ಹೋಗಿರಲೇ ಇಲ್ಲ. ಚೀಟಿ ಮಾತ್ರ ಬಂದಿತ್ತು. ಚೀಟಿಯ ಬ್ಯಾಚ್ ನಂಬರ್ ಹಿಡಿದು ಮೆಷಿನ್ ಕೊಟ್ಟವರ ಹಿಂದೆ ಬಿದ್ದೆ. ಮೊದಲು "ನಮ್ಮ ಕಡೆ ಎಲ್ಲ ಸರಿ ಇದೆ" ಅಂದರು, ನಂತರ ದುಡ್ಡು ಬಂತು. ಹಳೇ ಪದ್ಧತಿಯಲ್ಲಿ ಇದು ಚಾರ್ಜು, ರಜೆ, ಬಾಕಿಗಳ ರಾಶಿಯೊಳಗೆ ಮುಳುಗಿಹೋಗುತ್ತಿತ್ತು.

ಇನ್ನು ತಾಳೆ ಹಾಕುವ ಶೀಟು. ಎರಡು ಹಾಳೆಗಳು, Book ಮತ್ತು Bank. ಎರಡರಲ್ಲೂ A ತಾರೀಕು, B ವಿವರ, C ಮೊತ್ತ. ಬಂದದ್ದು ಪ್ಲಸ್, ಹೋದದ್ದು ಮೈನಸ್. ಬ್ಯಾಂಕಿನವರ ಡೆಬಿಟ್-ಕ್ರೆಡಿಟ್ ಎರಡು ಕಾಲಂಗಳನ್ನು ಮೊದಲೇ ಒಂದು ಮಾಡಿಕೊಳ್ಳಿ, ಇಲ್ಲದಿದ್ದರೆ ತಲೆ ಕೆಡುತ್ತದೆ.

ಸುಮ್ನೆ ಮೊತ್ತದಿಂದ ಹುಡುಕಿದರೆ ಒಂದು ತೊಂದರೆ ಇದೆ. ತಿಂಗಳಲ್ಲಿ 500 ಮೂರು ಸಲ ಬಂದಿದ್ದರೆ, ಬ್ಯಾಂಕಿನಲ್ಲಿ ಒಂದೇ 500 ಇದ್ದರೂ ಮೂರಕ್ಕೂ ಸಿಕ್ಕಿತು ಅನ್ನುತ್ತದೆ. ಅದಕ್ಕೆ ಪ್ರತಿ ಮೊತ್ತಕ್ಕೂ ಅದು ಎಷ್ಟನೇ ಸಲ ಬಂತು ಅಂತ ಒಂದು ಬಾಲ ಅಂಟಿಸಿದೆ. Bank ಹಾಳೆಯಲ್ಲಿ ಹೀಗೆ, ಮೊದಲ ಸಾಲು D2ಗೆ, ಎರಡನೆಯದು E2ಗೆ:

```
=C2&"|"&COUNTIF(C$2:C2,C2)
=IF(COUNTIF(Book!D:D,D2)=0,"X","")
```

ಕೆಳಗಿನವರೆಗೂ ಎಳೆದುಬಿಡಿ. Book ಹಾಳೆಯಲ್ಲೂ ಇದೇ, ಎರಡನೇ ಸೂತ್ರದಲ್ಲಿ Book ಇರುವಲ್ಲಿ Bank ಅಂತ ಬದಲಿಸಿದರಾಯಿತು. X ಬಿದ್ದದ್ದೇ ತಾಳೆಯಾಗದ ಎಂಟ್ರಿ. ಎರಡು ಕಡೆಯೂ X ನೋಡಬೇಕು, ಒಂದೇ ಕಡೆ ನೋಡಿದರೆ ಅರ್ಧ ಕೆಲಸ.

ಎಲ್ಲಾ ಸಾಲಿಗೂ X ಬಿದ್ದರೆ ಗಾಬರಿ ಬೇಡ. ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿದಾಗ ಮೊತ್ತ ಅಂಕಿಯಾಗಿ ಬಾರದೆ ಅಕ್ಷರವಾಗಿ ಬಂದಿರುತ್ತದೆ. ಕಾಲಂನಲ್ಲಿ ಎಡಕ್ಕೆ ಒರಗಿ ಕೂತಿದ್ದರೆ ಅದೇ ಗುರುತು. ಅಲ್ಪವಿರಾಮ, ಕಣ್ಣಿಗೆ ಕಾಣದ ಸ್ಪೇಸ್ ತೆಗೆದು ಅಂಕಿ ಮಾಡಿಕೊಳ್ಳಿ.

ಈ ಬಾಲದ ಉಪಾಯಕ್ಕೂ ಒಂದು ಮಿತಿ ಇದೆ. ಪುಸ್ತಕದಲ್ಲಿ ಮೂರು 500, ಬ್ಯಾಂಕಿನಲ್ಲಿ ಎರಡು ಇದ್ದರೆ X ಬೀಳುವುದು ಮೂರನೆಯದಕ್ಕೇ. ನಿಜವಾಗಿ ಬಾರದೇ ಇದ್ದದ್ದು ಮೊದಲನೆಯದೂ ಇರಬಹುದು. ಹಾಗಾಗಿ ದುಂಡು ಮೊತ್ತಕ್ಕೆ X ಬಿದ್ದರೆ ಅದೇ ಮೊತ್ತದ ಎಲ್ಲ ಸಾಲುಗಳ ತಾರೀಕನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಸ್ಟೇಟ್‌ಮೆಂಟಿನ ವಿವರದ ಕಾಲಂನಿಂದ ಗಿರಾಕಿಯ ಗುರುತು ಎಳೆಯಲು ನನ್ನದೇ ಒಂದು ದಾರಿ ಇದೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ, ಲೆಕ್ಕದವರಿಗೂ ಇನ್ನೂ ಕೊಟ್ಟಿಲ್ಲ!

ಇನ್ನೊಂದು ಮುಖ್ಯ ಕೆಲಸ. ಹೋದ ತಿಂಗಳು ತಾಳೆಯಾಗದೆ ಉಳಿದ ಸಾಲುಗಳನ್ನು ಈ ತಿಂಗಳ ಹಾಳೆಯ ತಲೆಯ ಮೇಲೆ ಅಂಟಿಸಿಯೇ ಶುರು ಮಾಡಬೇಕು. ಹಳೇ ಚೆಕ್ ಈ ತಿಂಗಳು ಕ್ಲಿಯರ್ ಆದರೆ ಅದಕ್ಕೆ ಜೋಡಿ ಸಿಗುವುದು ಆಗಲೇ. ಮೊದಲು ಪ್ರತಿ ತಿಂಗಳೂ ಹೊಸದಾಗಿ ಶುರು ಮಾಡುತ್ತಿದ್ದುದರಿಂದ ಒಂದೇ ಚೆಕ್ ಎರಡು ತಿಂಗಳು ಎರಡು ರೀತಿ ಕಾಡುತ್ತಿತ್ತು.

ಆ 4,885ರ ತಿಂಗಳನ್ನೇ ತೆಗೆದುಕೊಳ್ಳಿ. ಅಂಕಿಗಳು ನೆನಪಿನಿಂದ ಹೇಳುತ್ತಿದ್ದೇನೆ, ಅಲ್ಲಿ ಇಲ್ಲಿ ಹೆಚ್ಚು ಕಡಿಮೆ ಇರಬಹುದು. ಪುಸ್ತಕದಲ್ಲಿ ಬಾಕಿ 86,420, ಬ್ಯಾಂಕಿನಲ್ಲಿ 91,305. ಮೂರನೇ ಕಾಲಂ ಬಂದ ಮೇಲೆ ಅದನ್ನೇ ಮತ್ತೆ ಶೀಟಿಗೆ ಹಾಕಿದೆ. X ಬಿದ್ದವು ಪುಸ್ತಕದ ಕಡೆ ಮೂರು, ಬ್ಯಾಂಕಿನ ಕಡೆ ಮೂರು.

ಪುಸ್ತಕದ ಕಡೆ ಸಪ್ಲೈಯರ್‌ಗೆ ಕೊಟ್ಟ 7,200ರ ಚೆಕ್ ಇತ್ತು, ಅವರಿನ್ನೂ ಬ್ಯಾಂಕಿಗೆ ಹಾಕಿರಲಿಲ್ಲ. ತಿಂಗಳ ಕೊನೇ ದಿನ ಹೊತ್ತು ಮೀರಿ ಕಟ್ಟಿದ 3,500 ಕ್ಯಾಶ್ ಇತ್ತು, ಬ್ಯಾಂಕಿನಲ್ಲಿ ಮಾರನೇ ದಿನಕ್ಕೆ ಹೋಗಿತ್ತು. ಮೂರನೆಯದು 2,580ರ ಒಂದು ಪಾವತಿ. ಬ್ಯಾಂಕಿನ ಕಡೆ ಗಿರಾಕಿಯೊಬ್ಬರು ಹೇಳದೇ ನೇರ ಹಾಕಿದ 1,750, ಬ್ಯಾಂಕ್ ಹಿಡಿದ ಚಾರ್ಜ್ 295, ಆಮೇಲೆ 2,850ರ ಒಂದು ಪಾವತಿ.

2,580 ಮತ್ತು 2,850. ನೋಡಿದ ಕೂಡಲೇ ಗೊತ್ತಾಗುತ್ತದೆ, ಪುಸ್ತಕದಲ್ಲಿ ಅಂಕಿ ಅದಲುಬದಲಾಗಿದೆ. ವ್ಯತ್ಯಾಸ 270, ಒಂಬತ್ತರಿಂದ ಭಾಗವಾಗುತ್ತದೆ. ಪಕ್ಕಪಕ್ಕದ ಅಂಕಿಗಳು ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಹಾಗಂತ ಭಾಗವಾದದ್ದೆಲ್ಲ ಅದೇ ತಪ್ಪು ಅಂತ ತಿಳಿಯಬೇಡಿ. ಅದು ಬರೀ ಸುಳಿವು, ಬಿಲ್ ತೆಗೆದು ನೋಡಿದ ಮೇಲೇ ತಿದ್ದಬೇಕು.

ಈಗ ಈ ಆರು ಸಾಲುಗಳನ್ನು ಎರಡು ಗುಂಪು ಮಾಡುತ್ತೇನೆ. ಪುಸ್ತಕದಲ್ಲಿ ತಿದ್ದಬೇಕಾದವು ಒಂದು ಗುಂಪು, ಸುಮ್ಮನೆ ಕಾಯಬೇಕಾದವು ಇನ್ನೊಂದು. ಪುಸ್ತಕದ 86,420ಕ್ಕೆ 1,750 ಕೂಡಿ, 295 ಮತ್ತು 270 ಕಳೆದರೆ 87,605. ಬ್ಯಾಂಕಿನ 91,305ಕ್ಕೆ 3,500 ಕೂಡಿ 7,200 ಕಳೆದರೂ 87,605. ಎರಡೂ ಒಂದೇ ಆದರೆ ಮಾತ್ರ ತಿಂಗಳು ಮುಚ್ಚುತ್ತೇನೆ. ಕಾಯುವ ಗುಂಪನ್ನು ಯಾವ ಕಾರಣಕ್ಕೂ ಪುಸ್ತಕದಲ್ಲಿ ತಿದ್ದಬಾರದು. ಹಳೆಯ ಲೆಕ್ಕದಲ್ಲಿ ಯಾರೋ 7,200ರ ಚೆಕ್ಕನ್ನು ವಾಪಸ್ ಜಮಾ ಮಾಡಿ ವ್ಯತ್ಯಾಸ ಸರಿ ಮಾಡಿದ್ದರು. ಮುಂದಿನ ತಿಂಗಳು ಆ ಚೆಕ್ ಬ್ಯಾಂಕಿಗೆ ಬಂದಾಗ ಮತ್ತೆ ಅಷ್ಟೇ ವ್ಯತ್ಯಾಸ!

ಮೊದಲು ತಿಂಗಳಿಗೆ ಮೂರು ನಾಲ್ಕು ಸಂಜೆ ಹೋಗುತ್ತಿತ್ತು, ಈಗ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಕಾಯುವ ಗುಂಪಿನಲ್ಲಿ ಎರಡು ತಿಂಗಳು ದಾಟಿದ ಚೆಕ್ ಇದ್ದರೆ ತೆಗೆದುಕೊಂಡವರಿಗೆ ಫೋನ್ ಮಾಡುತ್ತೇನೆ. ಒಂದೆರಡು ಸಲ ಚೆಕ್ ಕಳೆದೇ ಹೋಗಿತ್ತು, ಹಳೆಯದನ್ನು ನಿಲ್ಲಿಸಿ ಬೇರೆ ಬರೆದುಕೊಟ್ಟೆ. ಕ್ಯಾಶ್ ಕಟ್ಟಿದ್ದು ಮೂರು ದಿನಕ್ಕಿಂತ ಜಾಸ್ತಿ ಕಾಯುವ ಗುಂಪಿನಲ್ಲಿ ಉಳಿದರೆ ಫೋನ್ ಅಲ್ಲ, ಸ್ಲಿಪ್ ಹಿಡಿದು ನೇರ ಬ್ಯಾಂಕಿಗೇ ಹೋಗುತ್ತೇನೆ.