ಹೊಟ್ಟೆ ಶಸ್ತ್ರಚಿಕಿತ್ಸೆ: ಒಳಗೆ ಸೋರುವ ರಕ್ತವನ್ನು ಚಾರ್ಟಿನಲ್ಲಿ ಹಿಡಿಯುವುದು ಹೇಗೆ?

ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದ ಮೇಲೆ ಒಳಗಿನ ರಕ್ತನಾಳವೊಂದರ ಕಟ್ಟು ಸಡಿಲವಾದರೆ, ಹೊರಗಿನ ಬ್ಯಾಂಡೇಜು ಒಣಗಿಯೇ ಇರಬಹುದು. ರಕ್ತ ಹೊಟ್ಟೆಯೊಳಗೇ ತುಂಬುತ್ತದೆ. ಅದನ್ನು ಮೊದಲು ಗುರುತಿಸಬೇಕಾದವರು ವಾರ್ಡಿನ ಸಿಸ್ಟರ್, ಆ ಕೆಲಸ ಶುರುವಾಗುವುದು ಶಸ್ತ್ರಚಿಕಿತ್ಸೆಗೂ ಮೊದಲು.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ಕೆಲಸದ, 46 ವರ್ಷದ, 60 ಕೆ.ಜಿ. ತೂಕದ ಒಬ್ಬ ಮಹಿಳೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ.

ಥಿಯೇಟರ್‌ಗೆ ಕಳುಹಿಸುವ ಮೊದಲು

ಒಪ್ಪಿಗೆ ಪತ್ರ, ಕೈಪಟ್ಟಿಯ ಹೆಸರು, ರಕ್ತದ ಗುಂಪು, ಅಲರ್ಜಿ ಇವೆಲ್ಲ ಮುದ್ರಿತ ಪಟ್ಟಿಯಲ್ಲೇ ಇರುತ್ತವೆ. ಪ್ರಶ್ನೆ ಕೇಳುವ ರೀತಿ ಮಾತ್ರ ಪಟ್ಟಿಯಲ್ಲಿ ಇರುವುದಿಲ್ಲ. "ಏನಾದರೂ ತಿಂದಿರಾ ಅಮ್ಮ?" ಎಂದರೆ "ಇಲ್ಲ" ಎನ್ನುತ್ತಾರೆ, ಏಕೆಂದರೆ ಬೆಳಿಗ್ಗೆ ಕುಡಿದ ರಾಗಿ ಅಂಬಲಿ ಅವರ ಲೆಕ್ಕದಲ್ಲಿ ಊಟವಲ್ಲ. "ಕೊನೆಯದಾಗಿ ಬಾಯಿಗೆ ಏನು ಹಾಕಿಕೊಂಡಿರಿ, ಎಷ್ಟು ಹೊತ್ತಿಗೆ?" ಎಂದು ಕೇಳಬೇಕು. ಅಂಬಲಿಗೂ ಹಾಲು ಹಾಕಿದ ಕಾಫಿಗೂ ಆರು ಗಂಟೆಯ ಅಂತರ ಬೇಕು. ಬರೀ ನೀರಿಗೆ ಎರಡು ಗಂಟೆ ಸಾಕು. ದವಡೆಯಲ್ಲಿ ಹೊಗೆಸೊಪ್ಪು ಉಳಿದಿದೆಯೇ ಎಂದು ಬಾಯಿ ತೆರೆಸಿ ನೋಡುವುದೂ ಒಳ್ಳೆಯದು.

ನಂತರ, ಅವರು ಆರಾಮವಾಗಿ ಮಲಗಿರುವಾಗ ನಾಡಿ ಮತ್ತು ರಕ್ತದೊತ್ತಡ ನೋಡಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ನಾಡಿ 76, ಒತ್ತಡ 126/78. ಅಟೆನೊಲಾಲ್‌ನಂತಹ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ದಪ್ಪಕ್ಷರದಲ್ಲಿ ನಮೂದಿಸಿ. ಅಂಥವರಲ್ಲಿ ರಕ್ತ ಹೋದರೂ ನಾಡಿ ಏರದೆ ಇರಬಹುದು, ಮುಂದೆ ಹೇಳುವ ಲೆಕ್ಕ ಕೈಕೊಡಬಹುದು.

ಮೇಜಿನ ಮೇಲೆ

ಅಂಗಾತ ಮಲಗಿಸಿದಾಗ ಕೈಗಳನ್ನು 90 ಡಿಗ್ರಿಗಿಂತ ಹೆಚ್ಚು ಅಗಲಿಸಬಾರದು. ಮೊಣಕೈ ಮತ್ತು ಹಿಮ್ಮಡಿಯ ಕೆಳಗೆ ಮೆತ್ತೆ ಇರಲಿ. ಕಾಲುಂಗುರ, ಬಳೆಗಳನ್ನು ಮೊದಲೇ ತೆಗೆಸಿರಬೇಕು. ಈ ಶಸ್ತ್ರಚಿಕಿತ್ಸೆಯಲ್ಲಿ ಕರುಳು ಮೇಲಕ್ಕೆ ಸರಿಯಲೆಂದು ತಲೆಯ ಭಾಗವನ್ನು ತಗ್ಗಿಸುವುದುಂಟು. ಆಗ ಕಾಲಿನ ರಕ್ತ ಎದೆಯ ಕಡೆಗೆ ಬರುತ್ತದೆ. ಮುಗಿದ ಮೇಲೆ ಮೇಜನ್ನು ಒಮ್ಮೆಲೇ ಸಮ ಮಾಡಿದರೆ ಒತ್ತಡ ಕುಸಿಯುವ ಅಪಾಯವಿದೆ, ಆದ್ದರಿಂದ ಅರಿವಳಿಕೆ ವೈದ್ಯರು ಹೇಳಿದಂತೆ ನಿಧಾನವಾಗಿ ಸಮಗೊಳಿಸಬೇಕು.

ವಾರ್ಡಿಗೆ ಬಂದ ಮೇಲೆ

ಹಲವು ಆಸ್ಪತ್ರೆಗಳಲ್ಲಿ ಮೊದಲ ಗಂಟೆ ಪ್ರತಿ 15 ನಿಮಿಷಕ್ಕೆ, ನಂತರದ ಎರಡು ಗಂಟೆ ಪ್ರತಿ ಅರ್ಧ ಗಂಟೆಗೆ ನೋಡುವ ಪದ್ಧತಿಯಿದೆ. ಈ ಮಹಿಳೆಯ ನಾಲ್ಕು ದಾಖಲೆಗಳು ಹೀಗಿವೆ ಎನ್ನೋಣ:

ಮಧ್ಯಾಹ್ನ 2.00: ನಾಡಿ 84, ಒತ್ತಡ 124/76
2.30: ನಾಡಿ 94, ಒತ್ತಡ 122/82
3.00: ನಾಡಿ 104, ಒತ್ತಡ 120/88
3.30: ನಾಡಿ 116, ಒತ್ತಡ 118/94

ಒತ್ತಡದ ಮೇಲಿನ ಅಂಕಿಯನ್ನಷ್ಟೇ ನೋಡುವವರು "ಬಿ.ಪಿ. ಚೆನ್ನಾಗಿದೆ" ಎಂದು ಬರೆದು ಮುಂದಿನ ಮಂಚಕ್ಕೆ ಹೋಗುತ್ತಾರೆ. ಆದರೆ ಎರಡು ಅಂಕಿಗಳ ನಡುವಿನ ಅಂತರ 48ರಿಂದ 24ಕ್ಕೆ ಇಳಿದಿದೆ, ನಾಡಿ 76ರಿಂದ 116ಕ್ಕೆ ಹೋಗಿದೆ. ರಕ್ತ ಕಡಿಮೆಯಾದಂತೆ ಹೃದಯ ವೇಗವಾಗಿ ಬಡಿಯುತ್ತದೆ, ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಆ ಬಿಗಿತದಿಂದಲೇ ಕೆಳಗಿನ ಅಂಕಿ ಏರುವುದು. ಮೇಲಿನ ಅಂಕಿ ಬೀಳುವುದು ದೇಹದ ಈ ಹೊಂದಾಣಿಕೆ ಸೋತ ಮೇಲೆ.

ಇನ್ನೊಂದು ಸಾಕ್ಷಿ ಮೂತ್ರದ ಚೀಲದಲ್ಲಿದೆ. ಗಂಟೆಗೆ ಕೆ.ಜಿ.ಗೆ ಅರ್ಧ ಮಿ.ಲೀ.ನಂತೆ, ಇವರಿಗೆ ಕನಿಷ್ಠ 30 ಮಿ.ಲೀ. ಬರಬೇಕು. ಮೂರರಿಂದ ಮೂರೂವರೆಯವರೆಗೆ 8 ಮಿ.ಲೀ. ಮಾತ್ರ ಬಂದಿದೆ. ಮೊದಲು ಕೊಳವೆ ಮಡಚಿಲ್ಲವೆಂದು ಖಚಿತಪಡಿಸಿಕೊಳ್ಳಿ.

ನೋವಿನಿಂದಲೂ ನಾಡಿ ಏರುವುದಿಲ್ಲವೇ? ಏರುತ್ತದೆ. ಆದರೆ ನೋವಿನಲ್ಲಿ ಸಾಮಾನ್ಯವಾಗಿ ಮೇಲಿನ ಒತ್ತಡವೂ ಏರುತ್ತದೆ, ಔಷಧಿ ಕೊಟ್ಟರೆ ನಾಡಿ ತಗ್ಗುತ್ತದೆ. ಇಲ್ಲಿ ಮೇಲಿನ ಅಂಕಿ ಮೆಲ್ಲಗೆ ಇಳಿಯುತ್ತಿದೆ. ಜೊತೆಗೆ ಅಂಗೈ ತಣ್ಣಗಾಗಿ, ಅವರು ಸುಮ್ಮನೆ ಚಡಪಡಿಸುತ್ತಾ ನೀರು ಕೇಳುತ್ತಿದ್ದರೆ ನೋವಿನ ಇಂಜೆಕ್ಷನ್ ಕೊಟ್ಟು ಕಾಯುತ್ತಾ ಕೂರಬಾರದು. ನನ್ನನ್ನು ಕೇಳಿದರೆ, ಮೂರು ಗಂಟೆಯ ದಾಖಲೆಗೇ ಶಸ್ತ್ರವೈದ್ಯರಿಗೆ ಫೋನ್ ಹೋಗಬೇಕಿತ್ತು.

ಫೋನಿನಲ್ಲಿ "ಪೇಷೆಂಟ್ ಯಾಕೋ ಸರಿಯಿಲ್ಲ ಸರ್" ಎನ್ನದೆ, ಶಸ್ತ್ರಚಿಕಿತ್ಸೆಗೆ ಮುಂಚಿನ ನಾಡಿ, ಈಗಿನ ನಾಡಿ, ಒತ್ತಡ, ಮೂತ್ರದ ಅಳತೆ ಇಷ್ಟನ್ನು ಓದಿ ಹೇಳಿ. ಅವರು ಬರುವಷ್ಟರಲ್ಲಿ ಸಮತಟ್ಟಾಗಿ ಮಲಗಿಸಿ ಆಮ್ಲಜನಕ ಹಚ್ಚಿ, ಬಾಯಿಗೆ ಏನೂ ಕೊಡಬೇಡಿ. ಅಗಲ ಸೂಜಿಯ ಎರಡನೇ ಡ್ರಿಪ್ ದಾರಿಯನ್ನೂ ರಕ್ತ ಹೊಂದಾಣಿಕೆಯ ಮಾದರಿಯನ್ನೂ ಸಿದ್ಧಮಾಡಿಕೊಳ್ಳಿ. ಯೋನಿಮಾರ್ಗದ ಪ್ಯಾಡ್ ನೋಡಿ ಬರೆಯಿರಿ, ಆದರೆ ಅದು ಒಣಗಿದೆ ಎಂಬ ಕಾರಣಕ್ಕೆ ಫೋನ್ ತಡಮಾಡಬೇಡಿ. ಅಲ್ಲಿಂದ ಐದೈದು ನಿಮಿಷಕ್ಕೊಮ್ಮೆ ನಾಡಿ ನೋಡುತ್ತಿರಬೇಕು, ಮತ್ತೆ ಥಿಯೇಟರ್‌ಗೆ ಕರೆದೊಯ್ಯುವ ತೀರ್ಮಾನ ವೈದ್ಯರದು.