ರ‍್ಯಾಟ್ ಟ್ರ್ಯಾಪ್ ಗೋಡೆಯ ಟೊಳ್ಳಿಗೆ ಥರ್ಮಾಕೋಲ್ ತುಂಬಬೇಕಾ? ನಾನು ಲೆಕ್ಕ ಹಾಕಿದ ರೀತಿ

ನಮ್ಮ ಮನೆಯ ಪಶ್ಚಿಮದ ಗೋಡೆ ರ‍್ಯಾಟ್ ಟ್ರ್ಯಾಪ್ ಬಾಂಡ್. ಕೇರಳದಲ್ಲಿ ಲಾರಿ ಬೇಕರ್ ಜನಪ್ರಿಯ ಮಾಡಿದರಲ್ಲ, ಅದೇ. ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಕಟ್ಟುವುದರಿಂದ ಒಳಗೆ 80 ಮಿ.ಮೀ. ಟೊಳ್ಳು ಉಳಿಯುತ್ತದೆ. ಅದಕ್ಕೆ ಥರ್ಮಾಕೋಲ್ ಕಾಳು ತುಂಬಿದರೆ ಬಿಸಿಲಿನ ಕಾಟ ತಪ್ಪುತ್ತದೆ ಎಂದರು ಮೇಸ್ತ್ರಿ. ಸರಿ, ಲೆಕ್ಕ ಹಾಕೋಣ ಅಂತ ಕೂತೆ.

ಎರಡು ಮುಖಗಳಲ್ಲಿ 75 ಮಿ.ಮೀ. ಇಟ್ಟಿಗೆ, ನಡುವೆ ಟೊಳ್ಳು, ಒಟ್ಟು 230. ಗೋಡೆಯ ಮುಖದ ಸುಮಾರು ಕಾಲು ಭಾಗದಲ್ಲಿ ಮಾತ್ರ ಇಟ್ಟಿಗೆ ಅಡ್ಡ ನಿಂತು ಈ ಬದಿಯಿಂದ ಆ ಬದಿಗೆ ಹಾಯುತ್ತದೆ. ಇಟ್ಟಿಗೆ, ಗಾರೆ ಎರಡಕ್ಕೂ ಉಷ್ಣವಾಹಕತೆ 0.8, ಥರ್ಮಾಕೋಲ್‌ಗೆ 0.04, ಎರಡೂ ಮೈಗಳ ಗಾಳಿಪದರಕ್ಕೆ ಒಟ್ಟು 0.17 ರೋಧ ಎಂದು ಹಿಡಿದೆ. ಟೊಳ್ಳಿರುವ ದಾರಿಯಷ್ಟನ್ನೇ ನೋಡಿದರೆ ರೋಧ 2.36. ಮಾರುವವರು ಹೇಳುವುದು ಇದನ್ನೇ! ಅಡ್ಡ ಇಟ್ಟಿಗೆಯ ದಾರಿಯಲ್ಲಿ ಬರೀ 0.46.

ಶಾಖ ಅಕ್ಕಪಕ್ಕ ಹರಿಯುವುದೇ ಇಲ್ಲ, ಪ್ರತಿ ದಾರಿಯೂ ತನ್ನಷ್ಟಕ್ಕೆ ನೇರ ಹೋಗುತ್ತದೆ ಎಂದುಕೊಂಡರೆ ಅದು ಅಡಿಯಾಬ್ಯಾಟಿಕ್ ಲೆಕ್ಕ. ಆಗ ಎರಡೂ ದಾರಿ ಪ್ಯಾರಲಲ್. ಗೋಡೆ ಶಾಖವನ್ನು ದಾಟಿಸುವ ಪ್ರಮಾಣ U, ಅದರ ವಿಲೋಮವೇ ಒಟ್ಟು ರೋಧ R:

```
U = 0.25/0.4575 + 0.75/2.3575 = 0.865
R = 1.16
```

ಇದು ಮೇಲಿನ ಮಿತಿ. ಇಟ್ಟಿಗೆ ಮುಖದಲ್ಲಿ ಶಾಖ ಎಷ್ಟು ಸಲೀಸಾಗಿ ಹರಡುತ್ತದೆಂದರೆ ಪ್ರತಿ ಪದರದ ಮೈಯಲ್ಲೂ ಒಂದೇ ತಾಪ ಇರುತ್ತದೆ ಎಂದುಕೊಂಡರೆ ಐಸೋಥರ್ಮಲ್. ಆಗ ನಡುವಿನ ಪದರವನ್ನಷ್ಟೇ ಪ್ಯಾರಲಲ್ ಮಾಡಿ ಅದರ ರೋಧ R2 ತೆಗೆದು, ಉಳಿದವನ್ನು ಸೀರೀಸ್‌ನಲ್ಲಿ ಕೂಡಬೇಕು:

```
1/R2 = 0.25/0.1 + 0.75/2.0 = 2.875 → R2 = 0.348
R = 0.17 + 0.1875 + 0.348 = 0.71
```

ಇದು ಕೆಳಗಿನ ಮಿತಿ. ನಿಜವಾದ ಗೋಡೆ ಇವೆರಡರ ನಡುವೆ ಎಲ್ಲೋ ಇರುತ್ತದೆ. ಸಾಮಾನ್ಯವಾಗಿ ಸರಾಸರಿ ತೆಗೆದುಕೊಳ್ಳುತ್ತಾರೆ. ಆದರೆ ಇಂಥ ಲೆಕ್ಕಕ್ಕಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 6946 ಪ್ರಕಾರ ಮೇಲಿನದು ಕೆಳಗಿನದರ ಒಂದೂವರೆ ಪಟ್ಟು ದಾಟಿದರೆ ಆ ಸರಾಸರಿ ನಡೆಯುವುದಿಲ್ಲ. ಇಲ್ಲಿ 1.64 ಪಟ್ಟು. ಇನ್ನೊಂದು ತೊಡಕು: ಅಡ್ಡ ಇಟ್ಟಿಗೆಗಳು ವರಸೆಯಿಂದ ವರಸೆಗೆ ಪಕ್ಕಕ್ಕೆ ಸರಿಯುತ್ತವೆ, ಹಾಗಾಗಿ ಶಾಖಕ್ಕೆ ಮೇಲೆ ಕೆಳಗೂ ಹತ್ತಿರದ ದಾರಿ ಸಿಗುತ್ತದೆ. ಒಂದೇ ವರಸೆಯನ್ನು ನೋಡಿ ಮಾಡುವ ಲೆಕ್ಕಕ್ಕಿಂತ ಗೋಡೆ ಕೆಳಗಿನ ಮಿತಿಯತ್ತ ವಾಲುತ್ತದೆ.

ಟೊಳ್ಳು ಖಾಲಿ ಬಿಟ್ಟು, ಒಳಗಿನ ಗಾಳಿಗೆ 0.18 ರೋಧ ಹಿಡಿದು ಅದೇ ಲೆಕ್ಕ ಮಾಡಿದೆ. 0.515 ಮತ್ತು 0.508 ಬಂತು, ಹೆಚ್ಚುಕಮ್ಮಿ ಒಂದೇ! ಇಟ್ಟಿಗೆಗೂ ಟೊಳ್ಳಿಗೂ ವ್ಯತ್ಯಾಸ ಕಡಿಮೆ ಇದ್ದಾಗ ಯಾವ ಊಹೆ ಹಿಡಿದರೂ ನಡೆಯುತ್ತದೆ. ತುಂಬಿದ್ದು ಒಳ್ಳೆಯದಾದಷ್ಟೂ ಮಿತಿಗಳು ದೂರವಾಗುತ್ತವೆ, ಅಡ್ಡ ಇಟ್ಟಿಗೆಯದೇ ದರ್ಬಾರು.

ಕೊನೆಗೆ ಟೊಳ್ಳು ಖಾಲಿಯೇ ಬಿಟ್ಟು, ಹೊರಮೈಗೆ 25 ಮಿ.ಮೀ. ಥರ್ಮಾಕೋಲ್ ಹಾಳೆ, ಅದರ ಮೇಲೆ ಜಾಲರಿ ಹಾಕಿ ಗಾರೆ ಮಾಡಿಸಿದೆ. ಹಾಳೆ ಅಡ್ಡ ಇಟ್ಟಿಗೆಯನ್ನೂ ಮುಚ್ಚುತ್ತದೆ ಅಲ್ವಾ, ಹಾಗಾಗಿ ಎರಡೂ ಮಿತಿ 1.13, 1.14ರ ಆಸುಪಾಸು. ಟೊಳ್ಳಿಗೆ 80 ಮಿ.ಮೀ. ತುಂಬಿದರೂ ಹೆಚ್ಚೆಂದರೆ ಸಿಗುತ್ತಿದ್ದುದು ಸುಮಾರು ಅಷ್ಟೇ.